ಟಾಕ್‌ನ ಮೊದಲ ಮೂರು ವಾಕ್ಯ: ಸೈನಿಕ, ಪ್ಯಾರಾಶೂಟ್, ಬ್ಯಾಕಪ್

ನಮಸ್ಕಾರ. ಹೋದ ವಿಡಿಯೋ ಕೆಳಗೆ ತುಂಬಾ ಜನ ಒಂದೇ ವಿಷ್ಯ ಕೇಳಿದ್ರಿ: ಕಾನ್ಫರೆನ್ಸ್‌ನಲ್ಲಿ ಟಾಕ್ ಶುರು ಮಾಡೋಕೆ ಜೋಕೂ ಬೇಡ, "ನಿಮ್ಮಲ್ಲಿ ಎಷ್ಟು ಜನ..." ಅಂತ ಕೈ ಎತ್ತಿಸೋದೂ ಬೇಡ ಅಂದ್ರೆ ಇನ್ನೇನು ಹೇಳ್ಬೇಕು? ಹೆಸರು, ಕಂಪನಿ ಎಲ್ಲಾ ನಿಮ್ಮನ್ನ ಪರಿಚಯ ಮಾಡಿಸೋರು ಆಗ್ಲೇ ಹೇಳಿರ್ತಾರೆ, ಸ್ಲೈಡ್ ಮೇಲೂ ಇರತ್ತೆ, ಅದನ್ನ ಬಿಟ್ಬಿಡಿ. ನೇರ ವಿಷ್ಯಕ್ಕೆ ಬರ್ತೀನಿ.

ಪ್ಯಾಟ್ರಿಕ್ ವಿನ್‌ಸ್ಟನ್ ಅಂತ ಎಂಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಪ್ರೊಫೆಸರ್ ಇದ್ರು, 2019ರಲ್ಲಿ ತೀರ್ಕೊಂಡ್ರು. ಹೇಗೆ ಮಾತಾಡ್ಬೇಕು ಅನ್ನೋದ್ರ ಬಗ್ಗೇನೇ ವರ್ಷ ವರ್ಷ ಜನವರಿಯಲ್ಲಿ ಒಂದು ಲೆಕ್ಚರ್ ಕೊಡೋರು, 2018ರ ರೆಕಾರ್ಡಿಂಗ್ ಆನ್‌ಲೈನಲ್ಲಿದೆ. ಜೋಕಿಂದ ಯಾಕೆ ಶುರು ಮಾಡ್ಬಾರ್ದು ಅನ್ನೋದಕ್ಕೆ ಅವ್ರು ಕೊಡೋ ಕಾರಣ ನಂಗೆ ತುಂಬಾ ಇಷ್ಟ. ಜೋಕ್ ಹಳೇದು ಅಂತಲ್ಲ, ಕೇಳೋರು ಇನ್ನೂ ರೆಡಿ ಇರಲ್ಲ ಅಂತ. ಲ್ಯಾಪ್‌ಟಾಪ್ ಮುಚ್ತಿರ್ತಾರೆ, ನಿಮ್ಮ ದನಿ, ನಿಮ್ಮ ಸ್ಪೀಡ್ ಕಿವಿಗಿನ್ನೂ ಒಗ್ಗಿರಲ್ಲ. ಜೋಕ್ ನಿಂತಿರೋದೇ ಒಂದೊಂದು ಪದದ ಟೈಮಿಂಗ್ ಮೇಲೆ, ಅಂಥದ್ದನ್ನ ಯಾರೂ ಸರಿಯಾಗಿ ಕೇಳಿಸ್ಕೊಳ್ದೇ ಇರೋ ಹೊತ್ತಲ್ಲಿ ಹೇಳಿದ್ರೆ ಬೀಳದೇ ಇನ್ನೇನಾಗತ್ತೆ.

ಹಾಗಾದ್ರೆ ಅವ್ರೇ ಹೇಗೆ ಶುರು ಮಾಡ್ತಾರೆ? ಸೈನಿಕನಿಗೆ ಆಯುಧ ಕೊಡದೆ ಯುದ್ಧಕ್ಕೆ ಕಳಿಸೋ ಅಧಿಕಾರಿಗೆ ಕೋರ್ಟ್ ಮಾರ್ಷಲ್ ಅಂತ ಅಮೆರಿಕದ ಮಿಲಿಟರಿ ಕಾನೂನು ಹೇಳತ್ತೆ, ಇದು ಅವ್ರ ಮೊದಲ ಮಾತು. ಆಮೇಲೆ, ವಿದ್ಯಾರ್ಥಿಗಳಿಗೂ ಇಂಥದ್ದೇ ಒಂದು ರಕ್ಷಣೆ ಇರ್ಬೇಕು, ಮಾತು ಬರಹದ ಶಕ್ತಿ ಇಲ್ಲದೆ ಅವ್ರನ್ನ ಜೀವನಕ್ಕೆ ಕಳಿಸ್ಬಾರ್ದು ಅಂತಾರೆ. ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲೋಣ, ನಾನು ಇದನ್ನ ಎಷ್ಟು ಸಲ ವಾಪಸ್ ಹಾಕ್ಕೊಂಡು ನೋಡಿದೀನೋ. ಮೊದಲ ವಾಕ್ಯ ಎಲ್ಲೋ ದೂರದ್ದು, ಸೈನಿಕ ಇಲ್ಯಾಕೆ ಬಂದ ಅಂತ ಕಿವಿ ನಿಮಿರತ್ತೆ, ಅಷ್ಟರಲ್ಲಿ ದನಿಯೂ ಅಭ್ಯಾಸ ಆಗತ್ತೆ. ಎರಡನೇದ್ರಲ್ಲಿ ತಿರುವು. ಅದ್ರಲ್ಲೂ ಎಲ್ಲಾ ಭಾಗಕ್ಕೂ ಜೋಡಿ ಇದೆ ನೋಡಿ: ಅಧಿಕಾರಿ ಜಾಗಕ್ಕೆ ಕಾಲೇಜು, ಸೈನಿಕನ ಜಾಗಕ್ಕೆ ವಿದ್ಯಾರ್ಥಿ, ಆಯುಧದ ಜಾಗಕ್ಕೆ ಮಾತು. ಒಂದು ಜೋಡಿ ತಪ್ಪಿದ್ರೂ ಅದು ಬರೀ ಅಲಂಕಾರ ಆಗ್ಬಿಡ್ತಿತ್ತು.

ಈಗ ನಮ್ದೇ ಒಂದು ಮಾಡೋಣ. ಟಾಕ್ ವಿಷ್ಯ ಡೇಟಾಬೇಸ್ ಬ್ಯಾಕಪ್ ಅಂತಿಟ್ಕೊಳ್ಳಿ. ಮೊದ್ಲು ನೀವು ಹೇಳ್ಬೇಕಾಗಿರೋ ಒಂದೇ ಮಾತನ್ನ ಬರ್ಕೊಳ್ಳಿ: ಬ್ಯಾಕಪ್ ತಗೊಂಡ್ರೆ ಸಾಲದು, ಆಗಾಗ ರಿಸ್ಟೋರ್ ಮಾಡಿ ನೋಡ್ಬೇಕು. ಆಮೇಲೆ ಕೇಳ್ಕೊಳ್ಳಿ, ಬಳಸದೇ ಇಟ್ಟಿರೋ ವಸ್ತುವನ್ನ ಆಗಾಗ ಬಿಚ್ಚಿ ನೋಡ್ಲೇಬೇಕು ಅಂತ ನಿಯಮ ಇನ್ನೆಲ್ಲಿದೆ? ಇದೆ, ಸ್ಕೈಡೈವಿಂಗ್‌ನಲ್ಲಿ. ಹೀಗೆ ಬರತ್ತೆ:

"ಅಮೆರಿಕದಲ್ಲಿ ಸ್ಕೈಡೈವರ್ ಒಬ್ಬರ ನೈಲಾನ್ ರಿಸರ್ವ್ ಪ್ಯಾರಾಶೂಟನ್ನ ಒಂದು ಸಲಾನೂ ಬಳಸಿಲ್ಲ ಅಂದ್ರೂ, ಕಳೆದ 180 ದಿನದೊಳಗೆ ಸರ್ಟಿಫಿಕೇಟ್ ಇರೋ ಪ್ಯಾರಾಶೂಟ್ ಪರಿಣತರು ಅದನ್ನ ಮತ್ತೆ ಮಡಚಿಟ್ಟಿರಲೇಬೇಕು. ನಮ್ಮ ಬ್ಯಾಕಪ್ ಮೂರು ವರ್ಷ ಯಾರೂ ಬಿಚ್ಚಿ ನೋಡಿರ್ಲಿಲ್ಲ. ಬೇಕಾದ ದಿನ ಅದು ತೆರ್ಕೊಳ್ಳಲಿಲ್ಲ."

ರಿಸರ್ವ್ ಅಂದ್ರೆ ಬ್ಯಾಕಪ್, ಬಿಚ್ಚಿ ಮಡಚೋದು ಅಂದ್ರೆ ರಿಸ್ಟೋರ್ ಟೆಸ್ಟ್, 180 ದಿನ ಅಂದ್ರೆ ನಿಮ್ಮ ಶೆಡ್ಯೂಲ್. ಮೂರನೇ ವಾಕ್ಯಕ್ಕೆ ನಿಮ್ಮ ವಿಷ್ಯ ಬಂದಾಯ್ತು. ಆ ಮೂರು ವರ್ಷದ ಮಾತು ಮಾತ್ರ ನಿಜ್ವಾಗ್ಲೂ ನಿಮ್ದೇ ಆಗಿರ್ಬೇಕು, ಟಾಕ್‌ನಲ್ಲಿ ಅದ್ರ ಕಥೆ ಬರ್ಲೇಬೇಕು, ಯಾಕಂದ್ರೆ ಕೇಳಿದವ್ರು ಅದಕ್ಕೇ ಕಾಯ್ತಿರ್ತಾರೆ.

ಕೆಟ್ಟ ರೂಪ ಹೇಗಿರತ್ತೆ? "ಬದುಕು ಪ್ಯಾರಾಶೂಟ್ ಇದ್ದಂಗೆ" ಅಂತ. ಇದನ್ನ ಬ್ಯಾಕಪ್ ಟಾಕ್‌ನಿಂದ ತೆಗ್ದು ಮಾರ್ಕೆಟಿಂಗ್ ಟಾಕ್‌ಗೆ ಹಾಕಿದ್ರೂ ನಡ್ಯತ್ತೆ, ಅದೇ ಅದ್ರ ರೋಗ. ಹಾಗೆ ಇನ್ನೊಂದು ಟಾಕ್‌ಗೂ ಹೊಂದೋ ಸಾಲನ್ನ ಕಿತ್ತಾಕಿ.

ಟೈಮ್ ಆಗ್ತಿದೆ, ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ದೂರದ ಸಂಗತಿ ಒಂದೇ ವಾಕ್ಯದಲ್ಲಿರ್ಲಿ, ಪ್ಯಾರಾಶೂಟ್ ಇತಿಹಾಸಕ್ಕೆ ಹೋದ್ರೆ ಜನ ಅಲ್ಲೇ ಉಳ್ಕೊಳ್ತಾರೆ. ಸಂಖ್ಯೆಯನ್ನ ಮೂಲ ನಿಯಮದಲ್ಲಿ ಚೆಕ್ ಮಾಡಿ, ತಪ್ಪಿದ್ರೆ ಸಿಕ್ಕಿಬೀಳೋಕೆ ಸಭೆಯಲ್ಲಿ ಒಬ್ಬ ಸ್ಕೈಡೈವರ್ ಇದ್ರೂ ಸಾಕು. ಈ ಮೂರು ವಾಕ್ಯ ಮಾತ್ರ ಬಾಯಿಪಾಠ ಮಾಡಿ, ಮಿಕ್ಕಿದ್ದು ಬೇಡ. ಸಾವುನೋವಿನ ಹೋಲಿಕೆ ತರೋವಾಗ ಹುಷಾರು, ನಿಮ್ಮ ಬಟನ್ ಬಣ್ಣದ ಟಾಕ್‌ಗೆ ಪ್ಯಾರಾಶೂಟ್ ತೂಕ ಜಾಸ್ತಿ ಆಗತ್ತೆ.

ಕೊನೇದಾಗಿ, ಈ ಮೂರು ವಾಕ್ಯವನ್ನ ವಿಷ್ಯ ಗೊತ್ತಿಲ್ದಿರೋ ಒಬ್ಬರಿಗೆ ಹೇಳಿ, ಟಾಕ್ ಯಾವುದ್ರ ಬಗ್ಗೆ ಅಂತ ಕೇಳಿ. "ಪ್ಯಾರಾಶೂಟ್" ಅಂದ್ರೆ ನಿಮ್ಮ ಎರಡನೇ ವಾಕ್ಯ ಇನ್ನೂ ತಿರುಗಿಲ್ಲ, ಅದನ್ನ ಮತ್ತೆ ಬರೀರಿ.