"ಯಾರಿಗೂ ಹೇಳಬೇಡ ಕಣೇ" ಅಂದರೆ

ನಮಸ್ಕಾರ ಕೇಳುಗರೇ. ದಾವಣಗೆರೆಯಲ್ಲಿ ನರ್ಸ್ ಕೆಲಸದ ಸಂದರ್ಶನಗಳಿಗೆ ಕೂತು ಹಲವು ವರ್ಷ ಪ್ರಶ್ನೆ ಕೇಳಿದವಳು ನಾನು. ಜಗಳೂರು, ಹರಪನಹಳ್ಳಿ ಕಡೆಯಿಂದ ಮೊದಲ ಬಸ್ಸಿಗೇ ಹೊರಟು, ಫೈಲನ್ನು ಎದೆಗೆ ಒತ್ತಿಕೊಂಡು ಬರುತ್ತಾರೆ ಪಾಪ. ಇಂಜೆಕ್ಷನ್ ಬಗ್ಗೆ ಕೇಳಿದರೆ ಪಟಪಟ ಹೇಳುತ್ತಾರೆ. 'ಜೊತೆಯವಳು ತಪ್ಪು ಮಾಡಿದಳು, ಮುಚ್ಚಿಡು ಅಂದಳು, ಏನಮ್ಮ ಮಾಡ್ತೀಯಾ?' ಅಂದರೆ ಮಾತ್ರ ಬಹಳ ಜನರದ್ದು ಒಂದೇ ಉತ್ತರ: 'ತಕ್ಷಣ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳ್ತೀನಿ ಮೇಡಂ.' ತಪ್ಪಲ್ಲ. ಆದರೆ ಆ ಉತ್ತರದಲ್ಲಿ ರೋಗಿಯೇ ಇಲ್ಲ, ಅಲ್ವಾ?

ಒಂದು ಉದಾಹರಣೆ ನೋಡೋಣ. ಇನ್ಸುಲಿನ್ ಬಾಟಲಿಯಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಬೇರೆ ಬೇರೆ: 40ರದ್ದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ರಾತ್ರಿ ಎಂಟು ಗಂಟೆ, ಗಡಿಬಿಡಿ. ಗೆಳತಿ 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದು ಕೊಟ್ಟುಬಿಟ್ಟಳು. ರೋಗಿಯ ಮೈಗೆ ಹೋಗಿದ್ದು 10 ಅಲ್ಲ, 25 ಯೂನಿಟ್. ಸಿರಿಂಜ್ ಬಿಸಾಡುವಾಗ ಗೊತ್ತಾಯಿತು. 'ಯಾರಿಗೂ ಹೇಳಬೇಡ ಕಣೇ' ಅಂದಳು.

ಈಗ ಆಕೆ ಒಳ್ಳೆಯವಳೋ ಕೆಟ್ಟವಳೋ ಅನ್ನೋದು ಆಮೇಲಿನ ಮಾತು. ಮೊದಲು ಹಾಸಿಗೆ ಹತ್ತಿರ ಓಡಬೇಕು. ಬೆವರುತ್ತಿದ್ದಾರಾ, ಕೈ ನಡುಗುತ್ತಿದೆಯಾ, ಮಾತು ತೊದಲುತ್ತಿದೆಯಾ ನೋಡಿ, ಗ್ಲುಕೋಮೀಟರ್‌ನಲ್ಲಿ ಶುಗರ್ ಪರೀಕ್ಷೆ ಮಾಡಬೇಕು. ಡ್ಯೂಟಿ ಡಾಕ್ಟರಿಗೆ ಆಗಲೇ ಫೋನ್. ಮೊದಲ ಸಲ ಶುಗರ್ ಸರಿಯಾಗಿದೆ ಅಂತ ಸುಮ್ನೆ ಕೂರುವ ಹಾಗಿಲ್ಲ, ಯಾಕಂದರೆ ಸಾದಾ ಇನ್ಸುಲಿನ್ನಿನ ಜೋರು ಇರೋದು ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ, ಅಂದರೆ ವಾರ್ಡಿನಲ್ಲಿ ಎಲ್ಲರೂ ಮಲಗಿದ ಮೇಲೆ. ಮುಚ್ಚಿಟ್ಟರೆ ಅಪಾಯ ಇರೋದು ಅಲ್ಲೇ. ರೋಗಿ ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತೀರಿ, ಅವರಿಗೆ ಶುಗರ್ ಕುಸಿದು ಪ್ರಜ್ಞೆ ತಪ್ಪಿರುತ್ತದೆ.

ಗೆಳತಿಗೆ ಏನು ಹೇಳಬೇಕು? 'ಡಾಕ್ಟರಿಗೆ ಹೇಳಿಯಾಯ್ತು. ವರದಿ ನೀನೇ ಬರಿ, ಇನ್‌ಚಾರ್ಜ್ ಹತ್ತಿರ ನಾನೂ ಬರ್ತೀನಿ. ನೀನು ಬರೆಯದಿದ್ರೆ ನಾನು ಬರೀಲೇಬೇಕಾಗುತ್ತೆ.' ಇಷ್ಟು ಸಾಕು. ಕೇಸ್ ಶೀಟಿನಲ್ಲಿ ಎಷ್ಟು ಹೊತ್ತಿಗೆ ಎಷ್ಟು ಯೂನಿಟ್ ಹೋಯಿತು, ಶುಗರ್ ಎಷ್ಟಿತ್ತು, ಡಾಕ್ಟರ್ ಏನು ಹೇಳಿದರು, ಅಷ್ಟೇ. 'ಬೇಜವಾಬ್ದಾರಿ' ಅಂತ ಬೈಗುಳ ಅಲ್ಲಿ ಬೇಡ. ಊಟದ ಹೊತ್ತಲ್ಲಿ ಉಳಿದವರ ಮುಂದೆ ಆಡಿಕೊಳ್ಳೋದಂತೂ ಬೇಡವೇ ಬೇಡ.

ಆಮೇಲೆ ನಾವು ಬೇಕಂತಲೇ ಕೆಣಕುತ್ತೇವೆ. 'ರೋಗಿಗೆ ಏನೂ ಆಗಲಿಲ್ಲ ಬಿಡು, ಆಗಲೂ ಬರೀತೀಯಾ?' ಇಲ್ಲಿ ಜಾಸ್ತಿ ಜನ ಜಾರುತ್ತಾರೆ. ಬರೆಯಬೇಕು, ಯಾಕಂದರೆ ಆ ಎರಡು ಬಾಟಲಿ ಇನ್ನೂ ಒಂದೇ ಟ್ರೇನಲ್ಲಿ ಕೂತಿವೆ. ನಾಳೆ ಇನ್ನೊಬ್ಬಳು ಹೀಗೇ ಎಳೆಯುತ್ತಾಳೆ.

ಚನ್ನಗಿರಿ ಕಡೆಯ ಒಬ್ಬಳು, ಹೆದರಿಕೊಂಡೇ ಕೂತಿದ್ದಳು. ಇದೇ ಪ್ರಶ್ನೆ ಕೇಳಿದೆ. ಉತ್ತರ ಹೇಳದೆ ನನಗೇ ತಿರುಗಿ ಕೇಳಿದಳು: 'ಮೇಡಂ, ಆ ರೋಗಿ ಊಟ ಮಾಡಿದ್ರಾ?'