ಹೆಣ್ಣು ನಾಯಿ ಇದ್ದಕ್ಕಿದ್ದಂತೆ ಜಾಸ್ತಿ ನೀರು ಕುಡಿಯುತ್ತಿದೆಯಾ? ಗರ್ಭಕೋಶದ ಕೀವು ಇರಬಹುದು

[ದೃಶ್ಯ: ಅಡುಗೆಮನೆ ಮೂಲೆಯಲ್ಲಿ ಖಾಲಿ ಸ್ಟೀಲ್ ಬಟ್ಟಲು]

ನಮಸ್ಕಾರ. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಫ್ಲಾಟಿನ ಅಕ್ಕನ ಮನೆಯಲ್ಲಿ ಚಿನ್ನಿ ಅಂತ ಲ್ಯಾಬ್ರಡಾರ್ ಇದೆ. ಒಂಬತ್ತು ವರ್ಷ, 28 ಕೆಜಿ, ಸ್ಪೇ, ಅಂದರೆ ಮರಿಯಾಗದಂತೆ ಮಾಡುವ ಆಪರೇಷನ್, ಮಾಡಿಸಿರಲಿಲ್ಲ. ಅಕ್ಟೋಬರಿನಲ್ಲಿ ಅದು ಬಟ್ಟಲ ಮೇಲೆ ಬಟ್ಟಲು ನೀರು ಕುಡಿಯತೊಡಗಿತು. ಮುಂಬೈ ಸೆಕೆ ಅಲ್ವಾ, ಅಂದುಕೊಂಡರು. ರಾತ್ರಿ ಮನೆಯ ಹಾಲ್‌ನಲ್ಲೇ ಮೂತ್ರ ಮಾಡಿದಾಗ ಬಟ್ಟಲನ್ನೇ ಎತ್ತಿಟ್ಟರು. ಅದು ತಪ್ಪು, ಯಾಕೆಂದು ಹೇಳುತ್ತೇನೆ.

ಅಳೆದು ನೋಡಿದಾಗ ಚಿನ್ನಿ ದಿನಕ್ಕೆ ಮೂರೂವರೆ ಲೀಟರ್ ಕುಡಿಯುತ್ತಿತ್ತು. ನಾಯಿಯ ತೂಕದ ಕೆಜಿಗೆ 100 ಮಿಲಿ ದಾಟಿದರೆ ಅದು ಅತಿಯಾಯಿತು. ಚಿನ್ನಿಗೆ ಆ ಗೆರೆ 2.8 ಲೀಟರ್.

ಡಾಕ್ಟರ್ ಮೊದಲು ಕೇಳಿದ್ದು, "ಹೀಟ್ ಮುಗಿದು ಎಷ್ಟು ದಿನವಾಯಿತು?" ಬೆದೆ ಮುಗಿದು ಸುಮಾರು ಆರು ವಾರ. ಈ ರೋಗ ಹೆಚ್ಚಾಗಿ ಬರುವುದೇ ಆ ಹೊತ್ತಿನಲ್ಲಿ.

[ದೃಶ್ಯ: ಗರ್ಭಕೋಶದ ಚಿತ್ರ]

ಹೀಟ್ ಆದ ಮೇಲೆ ಸುಮಾರು ಎರಡು ತಿಂಗಳು, ಬಸಿರಾಗದಿದ್ದರೂ, ಪ್ರೊಜೆಸ್ಟರಾನ್ ಹಾರ್ಮೋನ್ ಹೆಚ್ಚಿರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗಿ ರಸ ಸುರಿಸುತ್ತದೆ. ಸೋಂಕಿನ ವಿರುದ್ಧ ಅದರ ಕಾವಲೂ ಸಡಿಲವಾಗುತ್ತದೆ. ಹೀಟ್ ಸಮಯದಲ್ಲಿ ಒಳಹೋದ ಬ್ಯಾಕ್ಟೀರಿಯಾ, ಸಾಮಾನ್ಯವಾಗಿ ಇ. ಕೋಲೈ, ಅಲ್ಲೇ ಬೆಳೆದು ಕೀವಾಗುತ್ತದೆ. ಇದೇ ಪಯೋಮೆಟ್ರಾ. ಆ ಬ್ಯಾಕ್ಟೀರಿಯಾದ ವಿಷ, ಕಿಡ್ನಿಗೆ ನೀರು ಹಿಡಿದಿಟ್ಟುಕೊಳ್ಳಲು ಬಿಡುವುದಿಲ್ಲ. ಮೂತ್ರವಾಗಿ ನೀರು ಹೋಗುತ್ತಲೇ ಇರುತ್ತದೆ, ಅದಕ್ಕೇ ಬಾಯಾರಿಕೆ. ಬಟ್ಟಲು ಎತ್ತಿಟ್ಟರೆ ನಾಯಿ ಒಣಗಿಹೋಗುತ್ತದೆ.

ಗರ್ಭಕೋಶದ ಬಾಯಿ ತೆರೆದಿದ್ದರೆ ಬಾಲದ ಕೆಳಗೆ ನಾತದ ಕೀವು ಕಾಣುತ್ತದೆ. ನಾಯಿ ನೆಕ್ಕಿ ಚೊಕ್ಕ ಮಾಡಿಬಿಟ್ಟರೆ ಅದೂ ಕಾಣದು. ಚಿನ್ನಿಯದು ಮುಚ್ಚಿದ ಬಗೆ. ಒಂದು ಹನಿಯೂ ಹೊರಬರಲಿಲ್ಲ. ಜ್ವರವೂ ಇರಲಿಲ್ಲ, 38.6 ಡಿಗ್ರಿ ಸೆಲ್ಸಿಯಸ್, ನಾಯಿಗೆ ಮಾಮೂಲಿ. ಇದ್ದದ್ದು ಬಾಯಾರಿಕೆ, ಮಂಕು, ಒಂದೆರಡು ವಾಂತಿ, ಸ್ವಲ್ಪ ಉಬ್ಬಿದ ಹೊಟ್ಟೆ. ಮುಚ್ಚಿದ ಬಗೆಯೇ ಹೆಚ್ಚು ಅಪಾಯ. ಕೀವಿಗೆ ದಾರಿಯಿಲ್ಲ, ಗರ್ಭಕೋಶ ಒಡೆಯಬಹುದು. ಮನೆಯಲ್ಲಿ ಹೊಟ್ಟೆ ಒತ್ತಿ ನೋಡಲು ಹೋಗಬೇಡಿ.

[ದೃಶ್ಯ: ಅಲ್ಟ್ರಾಸೌಂಡ್ ಪರದೆ]

ಅಲ್ಟ್ರಾಸೌಂಡಿನಲ್ಲಿ ದ್ರವ ತುಂಬಿ ಊದಿದ ಕೊಳವೆಗಳು ಕಂಡವು. ಬರೀ ಎಕ್ಸ್-ರೇ ಆಗಿದ್ದರೆ ಮೊದಲ ತಿಂಗಳ ಬಸಿರಿಗೂ ಕೀವಿಗೂ ವ್ಯತ್ಯಾಸ ಹೇಳುವುದು ಕಷ್ಟ. ರಕ್ತದಲ್ಲಿ ಬಿಳಿ ಕಣ 42,000. ಸಾಮಾನ್ಯವಾಗಿ 17,000 ದಾಟುವುದಿಲ್ಲ.

ಕೆಲವು ಗಂಟೆ ಡ್ರಿಪ್, ಆಂಟಿಬಯೋಟಿಕ್ ಕೊಟ್ಟು ಸ್ಥಿತಿ ಸುಧಾರಿಸಿದ ಮೇಲೆ ಅದೇ ದಿನ ಆಪರೇಷನ್. ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆದರು. ಅಂಡಾಶಯದ ಚೂರು ಉಳಿದರೂ ಹಾರ್ಮೋನ್ ನಿಲ್ಲುವುದಿಲ್ಲ, ಗರ್ಭಕೋಶದ ಉಳಿದ ತುದಿಯಲ್ಲಿ ಮತ್ತೆ ಕೀವಾಗಬಹುದು.

"ಇಂಜೆಕ್ಷನ್ನಲ್ಲೇ ಆಗಲ್ವಾ?" ಅಂತ ಅಕ್ಕ ಕೇಳಿದ್ದರು. ಹಾರ್ಮೋನ್ ತಡೆಯುವ ಇಂಜೆಕ್ಷನ್ ಇದೆ. ಅದು ಮರಿ ಬೇಕೆನ್ನುವ ಎಳೆಯ ನಾಯಿಗೆ, ಗರ್ಭಕೋಶದ ಬಾಯಿ ತೆರೆದಿದ್ದು ಸ್ಥಿತಿ ಗಟ್ಟಿಯಾಗಿದ್ದರೆ ಮಾತ್ರ. ಮುಂದಿನ ಹೀಟಿನಲ್ಲಿ ಮರುಕಳಿಸುವುದೂ ಉಂಟು. ಬರೀ ಆಂಟಿಬಯೋಟಿಕ್ ಮಾತ್ರೆ ಕೊಟ್ಟು ಕಾಯುವುದು ಸುಮ್ನೆ ಸಮಯ ಕಳೆದಂತೆ.

[ದೃಶ್ಯ: ಅದೇ ಬಟ್ಟಲು, ಅರ್ಧ ತುಂಬಿದೆ]

ಹತ್ತು ದಿನಕ್ಕೆ ಹೊಲಿಗೆ ತೆಗೆದರು. ಬೆಳಿಗ್ಗೆ ತುಂಬಿಸಿದ ನೀರು ಈಗ ಸಂಜೆಗೂ ಉಳಿದಿರುತ್ತದೆ.