ಮಳೆಗಾಲದ ಕಟ್ಟಡದಲ್ಲಿ ಮೇಸ್ತ್ರಿ ಮತ್ತು ಹೆಲ್ಪರ್‌ಗಳ ಕೆಲಸದ ವೇಳೆ

ಗುತ್ತಿಗೆದಾರ ಮಿತ್ರರೇ, ಸೈಟ್ ಉಸ್ತುವಾರಿ ನೋಡಿಕೊಳ್ಳುವವರೇ,

ಕಾರವಾರದಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆಗಳದ್ದು, ಡಿಸೆಂಬರಿನದ್ದು 11 ಗಂಟೆಗಿಂತ ತುಸು ಹೆಚ್ಚು. ಆದರೂ ಗೋಡೆ ಹೆಚ್ಚು ಏಳುವುದು ಡಿಸೆಂಬರಿನಲ್ಲಿ. ಇದಕ್ಕೆ ಮಳೆ ಕಾರಣವೆಂದು ಎಲ್ಲರೂ ಹೇಳುತ್ತಾರೆ. ನಾನು ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ: ನಮ್ಮ ಹೊತ್ತನ್ನು ತಿನ್ನುವುದು ಮಳೆ ಸುರಿದ ನಿಮಿಷಗಳಿಗಿಂತ ಹೆಚ್ಚಾಗಿ ಕೆಲಸ ನಿಂತು ಮತ್ತೆ ಶುರುವಾಗುವ ಸರದಿಗಳು.

ಜುಲೈ ತಿಂಗಳಲ್ಲಿ ಮೊದಲ ಮಹಡಿಗೆ ಚಿರೆಕಲ್ಲಿನ ಗೋಡೆ ಏರುತ್ತಿರುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ಮೂವರು ಮೇಸ್ತ್ರಿಗಳು, ನಾಲ್ವರು ಹೆಲ್ಪರ್‌ಗಳು. ಎಂಟೂವರೆಯಿಂದ ಐದೂವರೆಯವರೆಗೆ ಕೆಲಸ. ಊಟಕ್ಕೆ ಒಂದು ಗಂಟೆ, ಎರಡು ಚಹಾಕ್ಕೆ ಅರ್ಧ ಗಂಟೆ, ಬೆಳಿಗ್ಗೆ ಮಾಲು ಕಲಸಿ ಕಲ್ಲು ಮೇಲೇರಿಸಲು ಅರ್ಧ ಗಂಟೆ, ಸಂಜೆ ತೊಳೆದು ಮುಚ್ಚಿಡಲು ಅರ್ಧ ಗಂಟೆ ಕಳೆದರೆ, ಕರಣೆ ನಿಜವಾಗಿ ಗೋಡೆಯ ಮೇಲೆ ಆಡುವುದು ಆರೂವರೆ ಗಂಟೆ. ಮಳೆ ಬಂದಾಗ ತಾಡಪಾಲು ಹೊದಿಸಲು ಹತ್ತು ನಿಮಿಷ. ಮಳೆ ನಿಂತ ಮೇಲೆ ಅದನ್ನು ತೆಗೆದು, ನಿಂತ ನೀರನ್ನು ಬಸಿದು, ತೊಳೆದುಹೋದ ಸಂದುಗಳನ್ನು ಕೆದಕಿ, ಹೊಸ ಮಾಲು ಕಲಸಿ ಕೊಡಲು ಇಪ್ಪತ್ತು ನಿಮಿಷ. ಹೀಗಾಗಿ ಒಂದೇ ಸಲ ಒಂದು ಗಂಟೆ ಸುರಿದ ಮಳೆಗೆ ಒಂದೂವರೆ ಗಂಟೆ ಹೋದರೆ, ಅದೇ ಒಂದು ಗಂಟೆಯ ಮಳೆ ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಸರಿಗಳಾಗಿ ಬಂದ ದಿನ ಎರಡೂವರೆ ಗಂಟೆ ಹೋಗಿ, ಕರಣೆಗೆ ಉಳಿಯುವುದು ನಾಲ್ಕು ಗಂಟೆ ಮಾತ್ರ.

ಆದ್ದರಿಂದ ನಾನು ಪಾಲಿಸುವ ನಿಯಮ ಹೀಗಿದೆ: ಮಧ್ಯಾಹ್ನಕ್ಕೆ ಮೊದಲು ಎರಡನೆಯ ಬಾರಿ ಕೆಲಸ ನಿಂತರೆ, ಬಿಸಿಲು ಬಂದರೂ ಆ ದಿನ ಮೇಸ್ತ್ರಿಗಳನ್ನು ಗೋಡೆಗೆ ಹತ್ತಿಸುವುದಿಲ್ಲ; ಕೆಳಮಹಡಿಯ ಒಳ ಪ್ಲಾಸ್ಟರಿಗೆ ಇಳಿಸುತ್ತೇನೆ. ಮೊದಲ ಸರಿಗೆ ಹೋದ ಐವತ್ತು ನಿಮಿಷಕ್ಕೆ ಸ್ಥಳ ಬದಲಿಸುವ ಮುಕ್ಕಾಲು ಗಂಟೆ ಸೇರಿಸಿದರೂ ಐದು ಗಂಟೆಗೆ ಐದೇ ನಿಮಿಷ ಕಡಿಮೆ ಕೆಲಸ ಸಿಗುತ್ತದೆ, ಮೂರನೆಯ ಸರಿ ನಮಗೆ ಲೆಕ್ಕಕ್ಕೇ ಬರುವುದಿಲ್ಲ. ಆತುರಪಟ್ಟು ಹತ್ತಿಸಿದರೆ ಏನಾಗುತ್ತದೆಂಬುದು ಗೋಡೆಯಲ್ಲೇ ಕಾಣುತ್ತದೆ: ನೀರು ಕುಡಿದು ತುಂಬಿದ ಕಲ್ಲು ಮಾಲಿನ ನೀರನ್ನು ಎಳೆಯದೆ ಅದರ ಮೇಲೆ ಜಾರುತ್ತದೆ, ಮರುದಿನ ಸಂದಿನಲ್ಲಿ ಉಗುರಾಡಿಸಿದರೆ ಮರಳು ಉದುರುತ್ತದೆ.

ಈ ನಿಯಮ ನಡೆಯಬೇಕಾದರೆ ಒಳಗೆ ಒಂದು ಕೋಣೆ ಸದಾ ಸಿದ್ಧವಿರಬೇಕು. ಗೋಡೆ ಕೊರೆದು ವಿದ್ಯುತ್ ಪೈಪುಗಳನ್ನು ಕೂರಿಸಿ ಮುಗಿದಿರಬೇಕು, ಮಟ್ಟದ ಗುರುತುಗಳು ಬಿದ್ದಿರಬೇಕು, ಜರಡಿ ಹಿಡಿದ ಮರಳು ಒಳಗೇ ಇರಬೇಕು. ಎಲೆಕ್ಟ್ರಿಷಿಯನ್ ಬಾರದ ಒಂದೇ ಕಾರಣಕ್ಕೆ ಮೂವರು ಮೇಸ್ತ್ರಿಗಳು ಬೀಡಿ ಸೇದುತ್ತ ಕುಳಿತ ದಿನಗಳನ್ನು ನಾನೂ ಕಂಡಿದ್ದೇನೆ. ಆ ತಪ್ಪು ಮಳೆಯದಲ್ಲ, ನನ್ನದು. ಹಾಗೆಯೇ ಮೇ ತಿಂಗಳಲ್ಲಿ ಕೈ ಖಾಲಿ ಇದೆಯೆಂದು ಒಳ ಪ್ಲಾಸ್ಟರನ್ನೆಲ್ಲ ಮುಗಿಸಿಬಿಡುವುದು ಜಾಣತನದಂತೆ ಕಂಡರೂ, ಜುಲೈಗೆ ಇಟ್ಟುಕೊಂಡ ಬುತ್ತಿಯನ್ನು ಮೊದಲೇ ಉಂಡಂತೆ.

ಇನ್ನು ಹೆಲ್ಪರ್‌ಗಳ ವೇಳೆ. ಬೆಳಗಿನ ಅರ್ಧ ಗಂಟೆಯ ಸಿದ್ಧತೆಯಲ್ಲಿ ಮೇಸ್ತ್ರಿಗಳಿಗೆ ಮಾಡಲು ಏನೂ ಇರುವುದಿಲ್ಲ, ಮಳೆಗಾಲವೆಂದು ಆ ಸಿದ್ಧತೆ ಚಿಕ್ಕದೂ ಆಗುವುದಿಲ್ಲ. ಮೂವರು ಹೆಲ್ಪರ್‌ಗಳು ಎಂಟಕ್ಕೆ ಬಂದು ಐದಕ್ಕೆ ಹೋಗಲಿ, ನಾಲ್ಕನೆಯವರು ಮೇಸ್ತ್ರಿಗಳೊಂದಿಗೆ ಬಂದು ಅವರೊಂದಿಗೇ ಹೋಗಲಿ. ಯಾರ ದುಡಿಮೆಯ ಗಂಟೆಯೂ ಹೆಚ್ಚದೆ ಕರಣೆಗೆ ಅರ್ಧ ಗಂಟೆ ದಕ್ಕುತ್ತದೆ. ಹೊರಗೋಡೆಗೆ ನೀರುಣಿಸುವ ಕೆಲಸ ಮಳೆಯಿಂದ ತಪ್ಪುತ್ತದೆ ನಿಜ, ಆದರೆ ಸೂರಿನಡಿಯ ಪ್ಲಾಸ್ಟರಿಗೆ ಮಳೆ ತಾಗದು. ಅದಕ್ಕೆ ನೀರು ಹೊಡೆಯಲು ಒಬ್ಬರ ಹೆಸರು ಹಚ್ಚಿಡದಿದ್ದರೆ ಎಲ್ಲರೂ ಮರೆಯುತ್ತಾರೆ. ಮಳೆಯೆಂದು ಬಂದವರನ್ನು ಅರ್ಧ ಕೂಲಿ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿದೆ. ಕೆಲಸಗಾರ ತಾನಾಗಿ ಒಲ್ಲೆನೆಂದ ಹೊರತು, ಮಾಲೀಕ ಕೆಲಸ ಒದಗಿಸದಿದ್ದ ಕಾರಣಕ್ಕೆ ದಿನ ಮೊಟಕಾದರೆ ಪೂರ್ತಿ ದಿನದ ವೇತನ ಕೊಡಬೇಕೆಂದು 1948ರ ಕನಿಷ್ಠ ವೇತನ ಕಾಯಿದೆಯಲ್ಲಿಯೇ ಬರೆದಿತ್ತು.

ಕೊನೆಯದಾಗಿ ಸಂಜೆಯ ಬೆಳಕು. ಸೂರ್ಯ ಮುಳುಗುವುದು ಏಳಕ್ಕಾದರೂ, ಮೋಡ ಕವಿದ ದಿನ ಕೆಳಮಹಡಿಯ ಕೋಣೆಯಲ್ಲಿ ಐದಕ್ಕೇ ಪ್ಲಾಸ್ಟರಿನ ಉಬ್ಬುತಗ್ಗು ಕಾಣುವುದಿಲ್ಲ. ಮೇಲಾಗಿ ಜುಲೈ ತಿಂಗಳ ತೇವದಲ್ಲಿ, ಬೇಸಿಗೆಯಲ್ಲಿ ಒಂದು ಗಂಟೆಗೆ ಉಜ್ಜಲು ಬರುತ್ತಿದ್ದ ಪ್ಲಾಸ್ಟರ್ ಎರಡು ಗಂಟೆ ಕಾಯಿಸುತ್ತದೆ. ಹಾಗಾಗಿ ಐದರಿಂದ ಹಿಂದಕ್ಕೆ ಎಣಿಸಿ, ಮೂರರ ನಂತರ ಹೊಸ ಗೋಡೆಗೆ ಪ್ಲಾಸ್ಟರ್ ಹಚ್ಚಲು ಬಿಡಬೇಡಿ. ಆಮೇಲೆ ಉಳಿಯುವುದು ಹಚ್ಚಿದ್ದನ್ನು ಉಜ್ಜುವುದು, ಕಿಟಕಿಯ ಅಂಚುಗಳನ್ನು ತಿದ್ದುವುದು, ನಾಳೆಯ ಕೋಣೆಗೆ ಗುರುತು ಹಾಕುವುದು. ವಿದ್ಯುತ್ ದೀಪ ಕಟ್ಟುವುದಾದರೆ ಅದನ್ನು ಗೋಡೆಯ ಎದುರಿಗೆ ಹಿಡಿಯದೆ ಪಕ್ಕಕ್ಕೆ, ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಂತೆ ಇಡಿ; ಎದುರಿನ ಬೆಳಕಿನಲ್ಲಿ ಎಲ್ಲ ಗೋಡೆಯೂ ಸಮನಾಗಿಯೇ ಕಾಣುತ್ತದೆ.